15 ಲೀಟರ್ ಟಿನ್, 15 ಕೆಜಿ ಟಿನ್: ಅಗ್ಗ ಯಾವುದು?

ಪ್ರಶ್ನೆ: ಚಿಕ್ಕ ಮೆಸ್ ಶುರು ಮಾಡಿದ್ದೇವೆ. ಸನ್‌ಫ್ಲವರ್ ಎಣ್ಣೆಗೆ ನಾಲ್ಕು ಕಡೆ ರೇಟು ಕೇಳಿ ಪಟ್ಟಿ ಮಾಡಿದ್ದೇನೆ, ಪ್ಯಾಕ್ ಸೈಜ್ ಒಂದೊಂದೂ ಬೇರೆ. ದೊಡ್ಡ ಟಿನ್ ಹೇಗಿದ್ರೂ ಅಗ್ಗ ಅಲ್ವಾ? ಸುಮ್ನೆ 15 ಲೀಟರ್ ಟಿನ್ ಫಿಕ್ಸ್ ಮಾಡಿಬಿಡ್ಲಾ?

ಮಾಡಬೇಡಿ. ಇದೇ 15 ಲೀಟರ್ ಟಿನ್ನನ್ನು ನಾನೂ ಫಿಕ್ಸ್ ಮಾಡಿದ್ದೆ, ದಾವಣಗೆರೆಯಲ್ಲಿ ನಮ್ಮ ಮೆಸ್ ಶುರುವಾದ ಹೊಸದರಲ್ಲಿ. ಆಗ ನನ್ನ ಪಟ್ಟಿ ಹೀಗಿತ್ತು (ರೇಟು ಆಗಿನದು, ನಿಮ್ಮದು ಬೇರೆ ಇರುತ್ತದೆ):

| ಪ್ಯಾಕ್ | ಬೆಲೆ (₹) | ನಾನು ಹಾಕಿದ ಲೆಕ್ಕ |
|---|---|---|
| 15 ಕೆಜಿ ಟಿನ್ | 2,310 | 154 |
| 15 ಲೀಟರ್ ಟಿನ್ | 2,175 | 145 |
| 1 ಲೀಟರ್ ಪ್ಯಾಕೆಟ್ | 138 | 138 |
| "ಲೀಟರ್" ಪ್ಯಾಕೆಟ್, ಬೇರೆ ಕಂಪನಿ | 132 | 132 |

ಪ್ಯಾಕೆಟ್ ಕತ್ತರಿಸಿ ಸುರಿಯುವ ರಗಳೆ ಯಾರಿಗೆ ಬೇಕು ಅಂತ ಕೆಳಗಿನ ಎರಡು ಸಾಲು ಬಿಟ್ಟೆ. ಉಳಿದ ಎರಡು ಟಿನ್ನಿನಲ್ಲಿ 154 ಒಂದು ಕಡೆ, 145 ಇನ್ನೊಂದು ಕಡೆ. ಇದರಲ್ಲಿ ಯೋಚನೆ ಮಾಡೋದೇನಿದೆ ಅಂತ 15 ಲೀಟರ್‌ನದನ್ನೇ ತರಿಸಿದೆ.

ಆಮೇಲೆ ಎಣ್ಣೆ ಬೇಗ ಬೇಗ ಖಾಲಿಯಾಗತೊಡಗಿತು. ಹತ್ತು ದಿನ ಬರಬೇಕಾದ ಟಿನ್ ಒಂಬತ್ತಕ್ಕೇ ತಳ ಕಾಣುತ್ತಿತ್ತು. ಊಟಕ್ಕೆ ಬರುವವರು ಅಷ್ಟೇ ಜನ, ಅದೇ ಪಲ್ಯ, ಅದೇ ಪೂರಿ. ನನ್ನ ಅನುಮಾನ ಹೋಗಿದ್ದು ಅಡುಗೆಯವರ ಮೇಲೆ. ಬಾಯಿಬಿಟ್ಟು ಕೇಳಲಿಲ್ಲ, ಆದರೆ ಎಣ್ಣೆ ಅಳೆದು ಕೊಡಲು ಶುರು ಮಾಡಿದೆ. ಅವರಿಗೆ ಅರ್ಥವಾಯಿತು. ಅವರೇ ಒಂದು ದಿನ ಹೊಸ ಟಿನ್ ಎತ್ತಿ ತಕ್ಕಡಿ ಮೇಲೆ ಇಟ್ಟು, "ಅಕ್ಕಾ, ನೋಡ್ರಿ ಇದರ ತೂಕ" ಅಂದರು. ಡಬ್ಬವೂ ಸೇರಿ ಹದಿನಾಲ್ಕೂವರೆ ಕೆಜಿ ಚಿಲ್ಲರೆ. ಬರೀ ಡಬ್ಬವೇ ಒಂದು ಕೆಜಿ ಆಸುಪಾಸು ಇರುತ್ತದೆ, ಅದನ್ನು ಕಳೆದರೆ ಒಳಗಿದ್ದ ಎಣ್ಣೆ ಎಷ್ಟು?

ಎಡವಟ್ಟು ಇಷ್ಟೇ: ಕೆಜಿಯನ್ನೂ ಲೀಟರನ್ನೂ ಒಂದೇ ಅಂತ ಭಾಗಿಸಿದ್ದೆ. ಎಣ್ಣೆ ನೀರಿನ ಮೇಲೆ ತೇಲುತ್ತದೆ, ಅಂದರೆ ನೀರಿಗಿಂತ ಹಗುರ. ಒಂದು ಲೀಟರ್ ಎಣ್ಣೆ ಸುಮಾರು 910 ಗ್ರಾಂ ತೂಗುತ್ತದೆ. ಹಾಗಾಗಿ 15 ಲೀಟರ್ ಟಿನ್‌ನಲ್ಲಿರುವುದು 13.65 ಕೆಜಿ ಎಣ್ಣೆ. 2,175ನ್ನು ಹದಿನೈದರಿಂದಲ್ಲ, 13.65ರಿಂದ ಭಾಗಿಸಬೇಕಿತ್ತು. ಆಗ ಕೆಜಿಗೆ ಬೀಳುವುದು 159 ರೂಪಾಯಿ 34 ಪೈಸೆ. 154ರ ಎಣ್ಣೆ ಬಿಟ್ಟು 159ರದ್ದು ತಂದು, ಉಳಿತಾಯ ಮಾಡಿದೆ ಅಂತ ಬೀಗುತ್ತಿದ್ದೆ. ಇದರಲ್ಲಿ ಅಂಗಡಿಯವನ ಮೋಸವೇನೂ ಇಲ್ಲ, ಡಬ್ಬದ ಮೇಲೆ ಲೀಟರ್ ಜೊತೆಗೆ ತೂಕವೂ ಸ್ಪಷ್ಟವಾಗಿ ಅಚ್ಚಾಗಿತ್ತು.

ಈ ತಪ್ಪು ಇಷ್ಟು ದಿನ ಯಾಕೆ ಕಣ್ಣಿಗೆ ಬೀಳಲಿಲ್ಲ ಅಂದರೆ, ಅದು ಚಿಕ್ಕದು. 500 ಗ್ರಾಂ ಪ್ಯಾಕೆಟ್ಟನ್ನು 500 ಕೆಜಿ ಅಂತ ಹಾಕಿದ್ದರೆ ಉತ್ತರ ಪೈಸೆಗಳಲ್ಲಿ ಬಂದು ಆಗಲೇ ಸಿಕ್ಕಿಬೀಳುತ್ತಿದ್ದೆ. ಇದು ನೂರಕ್ಕೆ ಒಂಬತ್ತರಷ್ಟು ವ್ಯತ್ಯಾಸ. 145 ಅಂದರೆ ಎಣ್ಣೆಗೆ ನಂಬುವಂಥ ರೇಟೇ ಅಲ್ವಾ? ಅಂಗಡಿ ಅಂಗಡಿ ನಡುವೆ ಇರುವ ವ್ಯತ್ಯಾಸವೂ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಅದಕ್ಕೇ ಇಂಥ ತಪ್ಪು ಪಟ್ಟಿಯ ಮೇಲಿನದನ್ನು ಕೆಳಗೆ, ಕೆಳಗಿನದನ್ನು ಮೇಲೆ ಮಾಡಿ ಸುಮ್ಮನೆ ಕೂತಿರುತ್ತದೆ.

ಆಮೇಲೆ ಬಿಟ್ಟಿದ್ದ ಎರಡು ಸಾಲನ್ನೂ ಸರಿ ಮಾಡಿದೆ. ಒಂದು ಲೀಟರ್ ಪ್ಯಾಕೆಟ್ ಮೇಲೆ 910 ಗ್ರಾಂ ಅಂತಿತ್ತು, ಕೆಜಿಗೆ 151.65 ಬಿತ್ತು. ಬೇರೆ ಕಂಪನಿಯ 132 ರೂಪಾಯಿ ಪ್ಯಾಕೆಟ್ ನೋಡಲು ಅಷ್ಟೇ ದೊಡ್ಡದು, ನಾವೆಲ್ಲ ಅದನ್ನು ಲೀಟರ್ ಪ್ಯಾಕೆಟ್ ಅಂತಲೇ ಕರೆಯುತ್ತಿದ್ದೆವು. ಅದರ ಮೇಲೆ ಬರೆದಿದ್ದು 850 ಗ್ರಾಂ. ಕೆಜಿಗೆ 155.29! ನಾಲ್ಕರಲ್ಲಿ ಅಗ್ಗ ಯಾವುದು ಅಂದರೆ 138ರ ಸಣ್ಣ ಪ್ಯಾಕೆಟ್, ದುಬಾರಿ ಯಾವುದು ಅಂದರೆ ನಾನು ಆರಿಸಿದ್ದ ದೊಡ್ಡ ಟಿನ್. ಹಾಗಾಗಿ "ದೊಡ್ಡದು ಹೇಗಿದ್ರೂ ಅಗ್ಗ" ಅನ್ನುವುದನ್ನು ಮೊದಲು ತಲೆಯಿಂದ ತೆಗೆಯಿರಿ. ಟಿನ್ ರೇಟಿನಲ್ಲಿ ತಗಡಿನ ದುಡ್ಡೂ ಸೇರಿರುತ್ತದೆ.

ಪ್ಯಾಕೆಟ್‌ಗೆ ಎಣ್ಣೆ ಅಂಟಿಕೊಂಡು ವೇಸ್ಟ್ ಆಗುತ್ತಲ್ಲ ಅಂತ ನನ್ನ ಗಂಡ ತಕರಾರು ತೆಗೆದರು. ಸರಿ, ಪ್ರತಿ ಪ್ಯಾಕೆಟ್‌ನಲ್ಲಿ 5 ಗ್ರಾಂ ಹೋಯಿತು ಅಂತಲೇ ಇಟ್ಟುಕೊಳ್ಳಿ. 138ನ್ನು 905 ಗ್ರಾಂಗೆ ಹಂಚಿದರೂ ಕೆಜಿಗೆ 152.49, ಇನ್ನೂ 15 ಕೆಜಿ ಟಿನ್‌ಗಿಂತ ಕಮ್ಮಿ. ಅದಕ್ಕಿಂತ ಜಾಸ್ತಿ ಅಂಟುವಷ್ಟು ಅವಸರದಲ್ಲಿ ಸುರಿಯುವ ಅಡುಗೆಮನೆಯಾದರೆ 15 ಕೆಜಿ ಟಿನ್ನೇ ಇರಲಿ, ಅದು ನಿಮಗೆ ಬಿಟ್ಟಿದ್ದು.

ಈಗ ನಿಮ್ಮ ಪಟ್ಟಿ. ಅದನ್ನು ಎಕ್ಸೆಲ್‌ನಂಥ ಶೀಟ್‌ನಲ್ಲಿ ಹಾಕಿ: ಬೆಲೆ ಒಂದು ಕಾಲಂ, ನಿವ್ವಳ ತೂಕ ಗ್ರಾಂನಲ್ಲಿ ಇನ್ನೊಂದು ಕಾಲಂ. ತೂಕದ ಕಾಲಂನಲ್ಲಿ ಬರೀ ಅಂಕಿ ಇರಲಿ, "15 ಕೆಜಿ" ಅಂತ ಬರೆದರೆ ಶೀಟ್ ಅದನ್ನು ಅಕ್ಷರ ಅಂದುಕೊಂಡು ಲೆಕ್ಕ ಮಾಡುವುದಿಲ್ಲ. ಬೆಲೆ B ಕಾಲಂನಲ್ಲಿ, ಗ್ರಾಂ C ಕಾಲಂನಲ್ಲಿ ಇದ್ದರೆ ಕೆಜಿ ರೇಟು ಹೀಗೆ:

```
=ROUND(B2*1000/C2,2)
```

ಗ್ರಾಂ ಎಲ್ಲಿಂದ ತರೋದು? ಪ್ಯಾಕ್ ಮೇಲೆ ಅಚ್ಚಾಗಿರುವುದನ್ನೇ ಹಾಕಿ. ಅಂಗಡಿಯವರು ಫೋನಿನಲ್ಲಿ "ಹದಿನೈದರ ಟಿನ್" ಅಂದರೆ ಹದಿನೈದು ಏನು ಅಂತ ಕೇಳಿ. ಗೊತ್ತಿಲ್ಲ ಅಂದರೆ ಲೇಬಲ್ ಫೋಟೋ ಕಳಿಸಲು ಹೇಳಿ.

2021ರ ತಿದ್ದುಪಡಿ ಆದಮೇಲೆ ಪ್ಯಾಕೆಟ್ ಮೇಲೆ ಯೂನಿಟ್ ಸೇಲ್ ಪ್ರೈಸ್ ಅಂತ ಹಾಕಬೇಕು ಅನ್ನುವ ನಿಯಮ ಇದೆಯಲ್ಲ, ಅದನ್ನೇ ನೋಡಿದರೆ ಸಾಕು ಅಂತ ಯಾರಾದರೂ ಹೇಳುತ್ತಾರೆ. ಮೆಸ್‌ಗೆ ಅದು ಸಾಲದು. ಅದು ಎಂಆರ್‌ಪಿ ಮೇಲೆ ಹಾಕಿದ ಲೆಕ್ಕ, ನಾವು ಕೊಡುವುದು ಹೋಲ್‌ಸೇಲ್ ರೇಟು. ಒಂದು ಕೆಜಿಗಿಂತ ಕಮ್ಮಿ ಪ್ಯಾಕೆಟ್‌ಗೆ ಗ್ರಾಂ ಲೆಕ್ಕದಲ್ಲಿ, ಎರಡೇ ದಶಮಾಂಶಕ್ಕೆ ಅದನ್ನು ಬರೆಯುತ್ತಾರೆ. ಕೆಜಿಗೆ 156 ಬೀಳುವ ಎಣ್ಣೆಯೂ 164 ಬೀಳುವ ಎಣ್ಣೆಯೂ ಎರಡೂ ಗ್ರಾಂಗೆ 0.16 ರೂಪಾಯಿ ಅಂತಲೇ ಕಾಣುತ್ತವೆ. ಕೆಜಿಗೆ ಎಂಟು ರೂಪಾಯಿ ಅಲ್ಲೇ ಮುಚ್ಚಿಹೋಯಿತು. ಮನೆಗೆ ಒಂದು ಪ್ಯಾಕೆಟ್ ತರುವವರಿಗೆ ಪರವಾಗಿಲ್ಲ, ನಮಗೆ ಆಗುವುದಿಲ್ಲ.

ಕೊನೆಯದಾಗಿ ಜಿಎಸ್‌ಟಿ. ಎಂಆರ್‌ಪಿಯಲ್ಲಿ ತೆರಿಗೆ ಸೇರಿರುತ್ತದೆ, ಹೋಲ್‌ಸೇಲಿನವರು ಕೆಲವರು ಅದನ್ನು ಬಿಟ್ಟು ರೇಟು ಹೇಳುತ್ತಾರೆ. ಅಡುಗೆ ಎಣ್ಣೆಗೆ ಶೇಕಡಾ 5. ನನ್ನ ಪಟ್ಟಿಯ 2,310 ತೆರಿಗೆ ಬಿಟ್ಟು ಹೇಳಿದ ರೇಟಾಗಿದ್ದರೆ ನಿಜವಾದ ಬೆಲೆ 2,425.50 ಆಗಿ, ಕೆಜಿಗೆ 161.70 ಬೀಳುತ್ತಿತ್ತು. ಆಗ ಅದು 15 ಲೀಟರ್ ಟಿನ್‌ಗಿಂತಲೂ ದುಬಾರಿ. ಹಾಗಾಗಿ ನಾಲ್ಕೂ ಅಂಗಡಿಗೆ ಇನ್ನೊಮ್ಮೆ ಫೋನ್ ಮಾಡಿ ಎರಡೇ ಮಾತು ಕೇಳಿ: ನಿವ್ವಳ ತೂಕ ಎಷ್ಟು ಗ್ರಾಂ, ತೆರಿಗೆ ಸೇರಿ ಎಷ್ಟು. ಅದು ಸಿಗುವವರೆಗೆ ಯಾವ ಟಿನ್ನೂ ಫಿಕ್ಸ್ ಮಾಡಬೇಡಿ.