ಬೆಲೆಯ ಇತಿಹಾಸವೂ ಕೈಗೆ ಬಾರದ ಕ್ಯಾಶ್‌ಬ್ಯಾಕೂ

ಮಾನ್ಯ ಸಂಪಾದಕರೇ,
ಹಬ್ಬದ ಮಾರಾಟದಲ್ಲಿ 7,500 ರೂಪಾಯಿಯ ಮಿಕ್ಸರ್ 3,499ಕ್ಕೆ ಎಂದು ತೋರಿಸಿ, ಪಕ್ಕದಲ್ಲಿ ಗಡಿಯಾರ ಓಡುತ್ತಿತ್ತು. ಕ್ಯಾಶ್‌ಬ್ಯಾಕ್ ಆ್ಯಪ್ ಮೂಲಕ ಹೋದರೆ ಇನ್ನೂ ಅಗ್ಗ ಎಂದಳು ಮಗಳು. ನಾನು ಕೊಳ್ಳದೆ ಬಿಟ್ಟೆ. ತಪ್ಪಾಯಿತೇ?
– ಓದುಗರೊಬ್ಬರು, ಹಾಸನ

ಮಾನ್ಯರೇ,

ಅಡ್ಡಗೆರೆ ಎಳೆದು ತೋರಿಸುವ 7,500 ಸಾಮಾನ್ಯವಾಗಿ ಎಂಆರ್‌ಪಿ, ಅಂದರೆ ಅದಕ್ಕಿಂತ ಹೆಚ್ಚಿಗೆ ಮಾರಕೂಡದೆಂದು ಪೆಟ್ಟಿಗೆಯ ಮೇಲೆ ಅಚ್ಚಾದ ಮಿತಿ. ಆ ಬೆಲೆಗೆ ಯಾರಾದರೂ ಕೊಂಡಿದ್ದರೆಂದು ಅದರಿಂದ ತಿಳಿಯುವುದಿಲ್ಲವಾದ್ದರಿಂದ ಶೇ. 53 ರಿಯಾಯಿತಿ ಎಂಬ ಲೆಕ್ಕವನ್ನು ಪಕ್ಕಕ್ಕಿಡಿ.

ನೋಡಬೇಕಾದದ್ದು ಹಿಂದಿನ ಮೂರು ತಿಂಗಳ ಬೆಲೆ. ಅಮೆಜಾನ್‌ನ ವಸ್ತುಗಳಿಗೆ ಕೀಪಾ, ಫ್ಲಿಪ್‌ಕಾರ್ಟ್ ಸಹಿತ ಹಲವು ತಾಣಗಳಿಗೆ ಬೈಹಟ್ಕೆಯಂಥ ಸಾಧನಗಳು ಅದನ್ನು ನಕ್ಷೆಯಾಗಿ ತೋರಿಸುತ್ತವೆ. ಉದಾಹರಣೆಗೆ, ಒಂದು ಮಿಕ್ಸರ್ ಎರಡು ತಿಂಗಳು 3,300ರಿಂದ 3,600ರ ನಡುವೆ ಇದ್ದು, ಮಾರಾಟಕ್ಕೆ ಎರಡು ವಾರ ಮುಂಚೆ 4,199ಕ್ಕೆ ಏರಿ, ಮಾರಾಟದ ದಿನ 3,499ಕ್ಕೆ ಇಳಿದಿದ್ದರೆ, ಅದು ಮಾಮೂಲಿ ಬೆಲೆಗೆ ಮರಳಿದೆ ಅಷ್ಟೇ. ಅಂಥ ವಸ್ತುವಿಗೆ 3,300ಕ್ಕೆ ಸೂಚನೆ ಬರುವಂತೆ ಗುರುತು ಹಾಕಿಟ್ಟು ಸುಮ್ಮನಿರಬಹುದು. ಆದರೆ ಬ್ಯಾಂಕ್ ಕಾರ್ಡಿನ ರಿಯಾಯಿತಿ ಸಾಮಾನ್ಯವಾಗಿ ನಕ್ಷೆಯಲ್ಲಿ ಕಾಣುವುದಿಲ್ಲ. ಮಾದರಿ ಸಂಖ್ಯೆ, ಜಾರುಗಳ ಸಂಖ್ಯೆ ಮತ್ತು ಮಾರುವವರು ಬದಲಾದರೂ ಹೋಲಿಕೆ ಕೆಡುತ್ತದೆ. ಹಾಗಾಗಿ ಕೊನೆಯ ಪುಟದಲ್ಲಿ ನೀವು ತೆರಬೇಕಾದ ಮೊತ್ತವನ್ನೇ ನಕ್ಷೆಯ ಪಕ್ಕ ಇಟ್ಟು ನೋಡಿ.

ಇನ್ನು ಮಗಳ ಮಾತು. ನಿಮ್ಮನ್ನು ಅಂಗಡಿಗೆ ಕಳುಹಿಸಿದ್ದಕ್ಕೆ ಆ್ಯಪ್‌ಗೆ ಸಿಗುವ ಕಮಿಷನ್ನಿನ ಒಂದು ಪಾಲೇ ಕ್ಯಾಶ್‌ಬ್ಯಾಕ್. ಎಷ್ಟೋ ಕಡೆ ಅದನ್ನು ಜಿಎಸ್‌ಟಿ ಕಳೆದ ಮೊತ್ತದ ಮೇಲೆ ಲೆಕ್ಕ ಹಾಕುತ್ತಾರೆ: ಶೇ. 18 ತೆರಿಗೆ ಸೇರಿದ 3,499ರಲ್ಲಿ ಮೂಲಬೆಲೆ ಸುಮಾರು 2,965, ಶೇ. 4ರಂತೆ ಬರುವುದು 119 ರೂಪಾಯಿ. ಅದೂ ವಾಪಸಾತಿಯ ಅವಧಿ ಮುಗಿದು, ಅಂಗಡಿ ದೃಢಪಡಿಸುವವರೆಗೆ ‘ಬಾಕಿ’ ಎಂದೇ ಇರುತ್ತದೆ. ಕಮಿಷನ್ ಸಾಮಾನ್ಯವಾಗಿ ಕೊನೆಯ ಕ್ಲಿಕ್ ತಂದುಕೊಟ್ಟವರಿಗೆ ಸಲ್ಲುವುದರಿಂದ, ನಡುವೆ ಕೂಪನ್ ಹುಡುಕುವ ಇನ್ನೊಂದು ಸಾಧನ ಒತ್ತಿದರೆ ನಿಮ್ಮ ಪಾಲು ತಪ್ಪಿಹೋಗಬಹುದು. ಆದ್ದರಿಂದ ಬೆಲೆ ಒಪ್ಪಿಗೆಯಾದ ಮೇಲಷ್ಟೇ ಆ್ಯಪ್ ತೆರೆದು, ಅಲ್ಲಿಂದ ನೇರವಾಗಿ ಹೋಗಿ ಕೊಳ್ಳಿ. ಕೊಳ್ಳುವುದೋ ಬಿಡುವುದೋ ಎಂಬ ಲೆಕ್ಕದಲ್ಲಿ ಆ 119ನ್ನು ಸೊನ್ನೆ ಎಂದೇ ಹಿಡಿಯಿರಿ.

ಗಡಿಯಾರ ಸುಳ್ಳೇ ಎಂದು ತಿಳಿಯಲು ಅದು ಮುಗಿದ ಮೇಲೆ ಅದೇ ಪುಟವನ್ನು ಮತ್ತೆ ತೆರೆಯಿರಿ. ಬೆಲೆ ಹಾಗೆಯೇ ಇದ್ದು ಗಡಿಯಾರ ಹೊಸದಾಗಿ ಓಡುತ್ತಿದ್ದರೆ ಎರಡೂ ಸಲದ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್‌ನಲ್ಲಿ ಹೊರಡಿಸಿದ ಮಾರ್ಗಸೂಚಿಯು ಹೆಸರಿಸುವ 13 ವಂಚಕ ವಿನ್ಯಾಸಗಳಲ್ಲಿ ಹುಸಿ ಅವಸರವೇ ಮೊದಲನೆಯದು; ಈ ಬಗ್ಗೆ 1915ಕ್ಕೆ ಕರೆ ಮಾಡಿ ದೂರು ಕೊಡಬಹುದು.

– ಸಂಪಾದಕ