ಎಟಿಎಂನಿಂದ ಬಾರದ ಹಣ, ಖಾತೆಯಲ್ಲಿ ಕಡಿತ: ದೂರಿನ ಪತ್ರ ಬರೆಯುವುದು ಹೇಗೆ?

ಪ್ರಶ್ನೆ: ಬೇರೆ ಬ್ಯಾಂಕಿನ ಎಟಿಎಂನಲ್ಲಿ ಹಣ ಬರಲಿಲ್ಲ, ಖಾತೆಯಿಂದ ಮಾತ್ರ ಕಡಿತವಾಯಿತು. ನಾನು ಬರೆದಿಟ್ಟುಕೊಂಡಿರುವುದು ಇಷ್ಟು: “ಜೂನ್ 14 ಶನಿವಾರ ಸಂಜೆ. 10,000 ಕಟ್ ಅಂತ ಮೆಸೇಜ್. ಸ್ಲಿಪ್ ಇಲ್ಲ. ಸ್ವಲ್ಪ ಹೊತ್ತು ನಿಂತೆ, ಹಿಂದಿನವರು ಅವಸರ ಮಾಡಿದರು, ಬಂದುಬಿಟ್ಟೆ. ಮಾರನೇ ದಿನ ಫೋನ್, ಎರಡು ದಿನದಲ್ಲಿ ಬರುತ್ತೆ ಅಂದರು. 20ಕ್ಕೆ ಬ್ರಾಂಚ್, ಮೆಷಿನ್ ನಮ್ಮದಲ್ಲ ಅಂದರು. ಒಬ್ಬರೂ ಸರಿಯಾಗಿ ಮಾತಾಡಲಿಲ್ಲ. 28ಕ್ಕೆ ಮೆಸೇಜ್: ವ್ಯವಹಾರ ಯಶಸ್ವಿ, ದೂರು ಮುಕ್ತಾಯ. ಹಗಲು ದರೋಡೆ!” ಇದನ್ನು ಪತ್ರವಾಗಿ ಬರೆಯುವುದು ಹೇಗೆ?

ಉತ್ತರ: ನಿಮ್ಮ ಟಿಪ್ಪಣಿಯಲ್ಲಿ ಮೂರು ಬಗೆಯ ಮಾತುಗಳು ಬೆರೆತಿವೆ: ನೀವು ಕಣ್ಣಾರೆ ಕಂಡದ್ದು, ಬ್ಯಾಂಕಿನವರು ನಿಮಗೆ ಹೇಳಿದ್ದು, ಮತ್ತು ನಿಮಗೆ ಆದ ನೋವು. ಮೊದಲ ಎರಡನ್ನು ದಿನಾಂಕದ ಕ್ರಮದಲ್ಲಿ ಬೇರೆ ಬೇರೆಯಾಗಿ ಇಡಿ. ಮೂರನೆಯದನ್ನು ಪತ್ರದಿಂದ ಹೊರಗಿಡಿ. ನಿಮ್ಮ ಸಿಟ್ಟು ನ್ಯಾಯವಾದದ್ದೇ. ಆದರೆ “ಹಗಲು ದರೋಡೆ” ಎಂಬ ಪದಕ್ಕೆ ಅಧಿಕಾರಿ ತನಿಖೆ ಮಾಡಲಾರರು. “ಹಣ ಹೊರಬರಲಿಲ್ಲ” ಎಂಬ ವಾಕ್ಯಕ್ಕೆ ಮಾಡಲೇಬೇಕಾಗುತ್ತದೆ.

ಇಡೀ ಪ್ರಕರಣ ನಿಂತಿರುವುದು ನೀವು ಒಂದೇ ಸಾಲಿನಲ್ಲಿ ಮುಗಿಸಿರುವ ಕಡೆ: “ಸ್ವಲ್ಪ ಹೊತ್ತು ನಿಂತೆ, ಬಂದುಬಿಟ್ಟೆ.” ವ್ಯವಹಾರ ಯಶಸ್ವಿ ಎಂದು ಬ್ಯಾಂಕ್ ಹೇಳಿರುವುದರಿಂದ, ನೀವು ಹೊರಟ ಮೇಲೆ ನೋಟುಗಳು ಬಂದು ಬೇರೆಯವರ ಕೈ ಸೇರಿರಬಹುದೇ ಎಂಬ ಪ್ರಶ್ನೆ ಬಂದೇ ಬರುತ್ತದೆ. ಆದ್ದರಿಂದ ಎಷ್ಟು ಹೊತ್ತು ನಿಂತಿದ್ದಿರಿ, ಪರದೆಯ ಮೇಲೆ ಏನು ಕಂಡಿತು, ಕಾರ್ಡ್ ಯಾವಾಗ ಹೊರಬಂತು ಎಂಬುದನ್ನು ನೆನಪಿರುವಷ್ಟೇ ಬರೆಯಿರಿ, ನೆನಪಿಲ್ಲದ್ದನ್ನು ಕಟ್ಟಬೇಡಿ. ಹಿಂದಿನವರು ಅವಸರ ಮಾಡಿದ ಸಂಗತಿಯನ್ನೂ ಮುಚ್ಚಿಡಬೇಡಿ, ಏಕೆಂದರೆ ಸಿಸಿಟಿವಿ ದೃಶ್ಯದಲ್ಲಿ ಅದು ಕಂಡಾಗ ನಿಮ್ಮ ಉಳಿದ ಮಾತಿನ ಮೇಲೂ ಅನುಮಾನ ಹುಟ್ಟುತ್ತದೆ. ಹಾಗೆಯೇ “ಯಂತ್ರ ನನ್ನ ಹಣ ನುಂಗಿತು” ಎನ್ನಬೇಡಿ. ಯಂತ್ರದೊಳಗೆ ಏನಾಯಿತೆಂಬುದನ್ನು ನೀವು ನೋಡಿಲ್ಲ.

ಅದನ್ನು ತಿಳಿಸುವ ದಾಖಲೆಗಳು ಬ್ಯಾಂಕುಗಳ ಬಳಿ ಇವೆ. ಯಂತ್ರದ ಎಲೆಕ್ಟ್ರಾನಿಕ್ ಜರ್ನಲ್‌ನಲ್ಲಿ ಪ್ರತಿ ವ್ಯವಹಾರದ ಹಂತಗಳು ದಾಖಲಾಗಿರುತ್ತವೆ. ಯಂತ್ರದ ನಗದನ್ನು ಎಣಿಸಿ ಲೆಕ್ಕದೊಂದಿಗೆ ತಾಳೆ ನೋಡಿದಾಗ, ಹೊರಬಾರದ ನೋಟುಗಳು ಹೆಚ್ಚುವರಿ ನಗದಾಗಿ ಕಾಣಿಸಬೇಕು. ಮೂರನೆಯದು ಸಿಸಿಟಿವಿ. ಅದನ್ನು ಬಹಳ ಕಾಲ ಇಟ್ಟಿರುವುದಿಲ್ಲವಾದ್ದರಿಂದ ಕಾಯ್ದಿರಿಸಿ ಎಂದು ಕೂಡಲೇ ಬರೆದು ಕೇಳಬೇಕು. ಬರಿಯ “ವ್ಯವಹಾರ ಯಶಸ್ವಿ” ಎಂಬ ಸಂದೇಶ ಈ ಮೂರರಲ್ಲಿ ಯಾವುದನ್ನು ನೋಡಿ ಬಂದ ತೀರ್ಮಾನ ಎಂಬುದೇ ನಿಮ್ಮ ಪತ್ರದ ಮುಖ್ಯ ಪ್ರಶ್ನೆ.

ಇನ್ನು ಬೇಡಿಕೆ. “ಸೂಕ್ತ ಕ್ರಮ ಕೈಗೊಳ್ಳಿ” ಎಂದರೆ ಬ್ಯಾಂಕು ಏನು ಮಾಡಿದರೂ ಸೂಕ್ತವೇ ಆಗುತ್ತದೆ. ಆದ್ದರಿಂದ ಮೊತ್ತವನ್ನು ಹೇಳಿ. ರಿಸರ್ವ್ ಬ್ಯಾಂಕ್ 2019ರ ಸೆಪ್ಟೆಂಬರ್ 20ರಂದು ಹೊರಡಿಸಿದ ಸುತ್ತೋಲೆಯ ಪ್ರಕಾರ, ಎಟಿಎಂನಿಂದ ನಗದು ಬಾರದೆ ಖಾತೆಯಿಂದ ಕಡಿತವಾದರೆ ವ್ಯವಹಾರದ ದಿನದ ನಂತರ 5 ದಿನಗಳೊಳಗೆ ಹಣ ಮರುಜಮೆಯಾಗಬೇಕು. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರವನ್ನು ಗ್ರಾಹಕರು ಕೇಳದಿದ್ದರೂ ಬ್ಯಾಂಕು ಜಮೆ ಮಾಡಬೇಕು. ಇಲ್ಲಿ ಎಣಿಸುವುದು ಕ್ಯಾಲೆಂಡರ್ ದಿನಗಳನ್ನು. ನಿಮ್ಮ ಗಡುವು ಜೂನ್ 19ಕ್ಕೆ ಮುಗಿದಿದೆ. ಜೂನ್ 20ರಿಂದ, ಪತ್ರ ಕೊಡುವ ದಿನವೆಂದು ನಾನು ಹಿಡಿದಿರುವ ಜುಲೈ 7ರವರೆಗೆ 18 ದಿನಗಳಾಗುತ್ತವೆ. ಪರಿಹಾರ 1,800 ರೂಪಾಯಿ. ಯಂತ್ರ ಬೇರೆ ಬ್ಯಾಂಕಿನದಾಗಿದ್ದರೂ ದೂರು ಕೊಡಬೇಕಾದದ್ದು ಕಾರ್ಡ್ ಕೊಟ್ಟ ಬ್ಯಾಂಕಿಗೇ. ಶಾಖೆಯಲ್ಲಿ ನಿಮಗೆ ಹೇಳಿದ ಮಾತು ದೂರನ್ನು ನಿರಾಕರಿಸಲು ಕಾರಣವಾಗದು.

ಪತ್ರ ಹೀಗಿರಲಿ. ಬಿಟ್ಟಿರುವ ಜಾಗಗಳನ್ನು ಬ್ಯಾಂಕಿನ ಸಂದೇಶ, ಪಾಸ್‌ಬುಕ್ ಮತ್ತು ಫೋನಿನ ಕರೆ ದಾಖಲೆ ನೋಡಿ ತುಂಬಿಕೊಳ್ಳಿ.

> ದಿನಾಂಕ: 7 ಜುಲೈ 2025
>
> ಶಾಖಾ ವ್ಯವಸ್ಥಾಪಕರಿಗೆ,
>
> ವಿಷಯ: 14.06.2025ರಂದು ಎಟಿಎಂನಿಂದ ನಗದು ಬಾರದೆ ಖಾತೆಯಿಂದ ಕಡಿತವಾದ ರೂ. 10,000ದ ಮರುಜಮೆ ಹಾಗೂ ವಿಳಂಬ ಪರಿಹಾರ ಕೋರಿ ದೂರು. ಹಿಂದಿನ ದೂರಿನ ಸಂಖ್ಯೆ: ……
>
> ಮಾನ್ಯರೇ,
>
> ನಾನು ನಿಮ್ಮ ಶಾಖೆಯಲ್ಲಿ …… ಸಂಖ್ಯೆಯ ಉಳಿತಾಯ ಖಾತೆ ಹೊಂದಿದ್ದೇನೆ. ಘಟನೆಯ ವಿವರ ಈ ಕೆಳಗಿನಂತಿದೆ.
>
> 14.06.2025, ಸಂಜೆ ……: …… ಎಂಬಲ್ಲಿರುವ …… ಬ್ಯಾಂಕಿನ ಎಟಿಎಂನಲ್ಲಿ ರೂ. 10,000 ಪಡೆಯಲು ಯತ್ನಿಸಿದೆ. ಕಾರ್ಡ್ ಹೊರಬಂತು, ನಗದಾಗಲಿ ರಸೀದಿಯಾಗಲಿ ಬರಲಿಲ್ಲ. ಸುಮಾರು …… ನಿಮಿಷ ಕಾದೆ. ಸರದಿಯಲ್ಲಿದ್ದವರು ಅವಸರಪಡಿಸಿದ್ದರಿಂದ ಹೊರಬಂದೆ. ಮೊತ್ತ ಕಡಿತವಾದ ಸಂದೇಶ …… ಗಂಟೆಗೆ ಬಂತು (ಉಲ್ಲೇಖ ಸಂಖ್ಯೆ ……).
>
> 15.06.2025: ಗ್ರಾಹಕ ಸೇವಾ ಕೇಂದ್ರಕ್ಕೆ ಕರೆ ಮಾಡಿ ದೂರು ದಾಖಲಿಸಿದೆ. ಎರಡು ದಿನಗಳಲ್ಲಿ ಹಣ ಮರಳುವುದೆಂದು ತಿಳಿಸಲಾಯಿತು.
>
> 20.06.2025: ಶಾಖೆಗೆ ಭೇಟಿ ನೀಡಿದಾಗ ಯಂತ್ರ ಬೇರೆ ಬ್ಯಾಂಕಿನದೆಂದು ತಿಳಿಸಲಾಯಿತು.
>
> 28.06.2025: ವ್ಯವಹಾರ ಯಶಸ್ವಿಯಾಗಿದೆಯೆಂದು ತಿಳಿಸಿ ದೂರನ್ನು ಮುಕ್ತಾಯಗೊಳಿಸಿದ ಸಂದೇಶ ಬಂತು. ಆಧಾರವನ್ನು ತಿಳಿಸಿಲ್ಲ.
>
> ಆದ್ದರಿಂದ ರೂ. 10,000ವನ್ನೂ, 20.06.2025ರಿಂದ ಇಂದಿನವರೆಗಿನ 18 ದಿನಗಳಿಗೆ ರೂ. 1,800ನ್ನೂ, ಮರುಜಮೆಯಾಗುವವರೆಗಿನ ಮುಂದಿನ ದಿನಗಳಿಗೆ ದಿನಕ್ಕೆ ರೂ. 100ರಂತೆ ಪರಿಹಾರವನ್ನೂ ನನ್ನ ಖಾತೆಗೆ ಜಮೆ ಮಾಡಬೇಕೆಂದು ಕೋರುತ್ತೇನೆ. ನಿರಾಕರಿಸುವುದಾದರೆ ಎಲೆಕ್ಟ್ರಾನಿಕ್ ಜರ್ನಲ್ ಮತ್ತು ನಗದು ತಾಳೆಯ ವಿವರಗಳೊಂದಿಗೆ ಲಿಖಿತ ಕಾರಣ ನೀಡಬೇಕು. ಸದರಿ ಸಮಯದ ಸಿಸಿಟಿವಿ ದೃಶ್ಯವನ್ನು ಯಂತ್ರದ ಬ್ಯಾಂಕಿನಿಂದ ಪಡೆದು ಕಾಯ್ದಿರಿಸಬೇಕು.
>
> ಅಡಕ: ಕಡಿತದ ಸಂದೇಶದ ಪ್ರತಿ, ಖಾತೆ ವಿವರ, ದೂರು ಮುಕ್ತಾಯದ ಸಂದೇಶದ ಪ್ರತಿ.
>
> ಇಂತಿ ತಮ್ಮ ವಿಶ್ವಾಸಿ,
> (ಸಹಿ, ಹೆಸರು, ವಿಳಾಸ, ದೂರವಾಣಿ)

ಪಿನ್ ಸಂಖ್ಯೆಯನ್ನಾಗಲಿ ಕಾರ್ಡಿನ ಪೂರ್ಣ ಸಂಖ್ಯೆಯನ್ನಾಗಲಿ ಪತ್ರದಲ್ಲಿ ಬರೆಯಬೇಡಿ. ಕಾರ್ಡಿನ ಕೊನೆಯ ನಾಲ್ಕು ಅಂಕಿಗಳು ಸಾಕು. ಎರಡು ಪ್ರತಿ ಒಯ್ದು, ಒಂದರ ಮೇಲೆ ಶಾಖೆಯ ಮೊಹರು, ದಿನಾಂಕ ಮತ್ತು ಸಹಿ ಹಾಕಿಸಿಕೊಂಡು ಬನ್ನಿ. ಮೊಹರು ಹಾಕಲು ಒಪ್ಪದಿದ್ದರೆ ಅದೇ ದಿನ ಪತ್ರವನ್ನು ಸ್ಪೀಡ್ ಪೋಸ್ಟ್‌ನಲ್ಲಿ ಕಳುಹಿಸಿ, ಬ್ಯಾಂಕಿನ ಅಧಿಕೃತ ಇ-ಮೇಲ್‌ಗೂ ಹಾಕಿ.

ಆ ಮೊಹರಿನ ದಿನಾಂಕದಿಂದ 30 ದಿನ ಎಣಿಸಿ. ಅಷ್ಟರೊಳಗೆ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ cms.rbi.org.in ತಾಣದಲ್ಲಿ ಶುಲ್ಕವಿಲ್ಲದೆ ದೂರು ಸಲ್ಲಿಸಬಹುದು. ಅಲ್ಲಿ ಹೊಸದಾಗಿ ಕಥೆ ಬರೆಯಬೇಕಿಲ್ಲ. ಮೊಹರು ಬಿದ್ದ ಇದೇ ಪತ್ರವನ್ನು ಲಗತ್ತಿಸಿ, ಆ ದಿನದವರೆಗಿನ ಪರಿಹಾರದ ಮೊತ್ತವನ್ನಷ್ಟೇ ಮತ್ತೆ ಲೆಕ್ಕ ಹಾಕಿ. ಆದರೆ ನಗದು ಹೊರಬಂದು ಬೇರೊಬ್ಬರು ಒಯ್ದದ್ದು ಜರ್ನಲ್ ಮತ್ತು ದೃಶ್ಯ ಎರಡರಲ್ಲೂ ಸ್ಪಷ್ಟವಾಗಿ ಕಂಡರೆ ಇದು ವಿಫಲ ವ್ಯವಹಾರವೆನಿಸುವುದಿಲ್ಲ, ಮೇಲಿನ ಪರಿಹಾರವೂ ಅನ್ವಯಿಸುವುದಿಲ್ಲ. ಆಗ ಆ ದೃಶ್ಯವನ್ನು ಕಾಯ್ದಿರಿಸುವಂತೆ ಬರೆದ ಸಾಲನ್ನು ಆಧಾರವಾಗಿಟ್ಟುಕೊಂಡು ಪೊಲೀಸರಿಗೆ ದೂರು ಕೊಡಬೇಕಾಗುತ್ತದೆ.