ವಾರ್ಡಿನಲ್ಲಿ ಅಳು ನಿಲ್ಲಿಸಿದ ಮಗು

ಇಂಡಿ ತಾಲ್ಲೂಕಿನ ಆ ತಾಯಿ ಸಲಹೆಗಾರ್ತಿಯಾದ ನನ್ನ ಬಳಿ ಬಂದದ್ದು ಒಂದೇ ಪ್ರಶ್ನೆ ಹಿಡಿದುಕೊಂಡು. ಮಗನ ಹರ್ನಿಯಾ ಶಸ್ತ್ರಚಿಕಿತ್ಸೆಯನ್ನು ಮುಂದೂಡಬಹುದೇ? ಈ ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ನನ್ನ ಮುಂದೆ ಮತ್ತೆ ಮತ್ತೆ ಬರುತ್ತಿರುವುದರಿಂದ, ಗುರುತು ಸಿಗದಂತೆ ವಿವರಗಳನ್ನು ಬದಲಿಸಿ ಇಲ್ಲಿ ಬರೆಯುತ್ತಿದ್ದೇನೆ.

ಮಗುವಿಗೆ 16 ತಿಂಗಳು. ಹಿಂದಿನ ತಿಂಗಳು ನ್ಯುಮೋನಿಯಾ ಆಗಿ ವಿಜಯಪುರದ ಆಸ್ಪತ್ರೆಯೊಂದರ ಐಸಿಯುನಲ್ಲಿ ಎಂಟು ದಿನ ಇದ್ದ. ತಾಯಿಗೆ ಒಳಗೆ ಹೋಗಲು ಬೆಳಿಗ್ಗೆ ಅರ್ಧ ಗಂಟೆ, ಸಂಜೆ ಅರ್ಧ ಗಂಟೆ ಮಾತ್ರ ಅವಕಾಶವಿತ್ತು. ಹರ್ನಿಯಾ ಇರುವುದು ಆಗಲೇ ವೈದ್ಯರ ಕಣ್ಣಿಗೆ ಬಿತ್ತು. ಆಸ್ಪತ್ರೆಗೆ ಹೋಗುವ ಮೊದಲು ಮನೆ ತುಂಬಾ ನಡೆಯುತ್ತಿದ್ದ, ‘ಅವ್ವ’, ‘ಆಯಿ’, ‘ಬುವ್ವಾ’ ಎನ್ನುತ್ತಿದ್ದ ಮಗು, ಮನೆಗೆ ಬಂದ ಮೇಲೆ ನೆಲಕ್ಕೆ ಕಾಲು ಊರಲಿಲ್ಲ, ಮಾತೂ ಆಡಲಿಲ್ಲ. ತಾಯಿ ಎತ್ತಿಕೊಂಡರೆ ಮುಖ ತಿರುಗಿಸಿ ಅಜ್ಜಿಯತ್ತ ಕೈ ಚಾಚುತ್ತಿದ್ದ. ಇಂಜೆಕ್ಷನ್‌ನಿಂದಲೇ ಹೀಗಾಯಿತೆಂದು ಮನೆಯವರು ತೀರ್ಮಾನಿಸಿದ್ದರು. ತಾಯಿಯ ತೀರ್ಮಾನ ಬೇರೆ: “ನನ್ನ ಮಗ ನನ್ನನ್ನು ಮರೆತಿದ್ದಾನೆ ಮೇಡಂ.”

ಮೊದಲು ಅವರನ್ನು ಮಕ್ಕಳ ವೈದ್ಯರ ಬಳಿಗೇ ಕಳುಹಿಸಿದೆ. ಕಲಿತದ್ದನ್ನು ಮಗು ಬಿಟ್ಟುಕೊಟ್ಟಾಗ ಮನಸ್ಸಿನ ಮಾತು ಆಮೇಲೆ, ದೇಹದ ಪರೀಕ್ಷೆ ಮೊದಲು. ತೊಡೆಯಲ್ಲಿ ನೋವಿದೆಯೇ, ಎರಡೂ ಕಾಲುಗಳ ಬಲ ಸಮನಾಗಿದೆಯೇ ಎಂದು ನೋಡಬೇಕು. ಕೆಲವು ಆ್ಯಂಟಿಬಯಾಟಿಕ್‌ಗಳು ಶ್ರವಣಕ್ಕೆ ಪೆಟ್ಟು ಕೊಡಬಲ್ಲವು, ಆದ್ದರಿಂದ ಕಿವಿಯನ್ನೂ ಪರೀಕ್ಷಿಸಬೇಕು. ಎಲ್ಲವೂ ಸರಿಯಾಗಿತ್ತು.

ಮುಂದಿನ ಭೇಟಿಗೆ ಆ ಐಸಿಯುನ ಹಿರಿಯ ಸಿಸ್ಟರ್ ಒಬ್ಬರೂ ಬರಲು ಒಪ್ಪಿದರು. ತಮ್ಮ ಮೇಲೆ ದೂರು ಬಂದಿದೆಯೇನೋ ಎಂಬ ಬಿಗುವು ಅವರ ಮುಖದಲ್ಲಿತ್ತು. ಅವರೇ ಮಾತು ಆರಂಭಿಸಿದರು: “ಮೊದಲ ಎರಡು ದಿನ ವಾರ್ಡೇ ಹಾರಿಹೋಗುವಂತೆ ಅತ್ತ. ಮೂರನೆಯ ದಿನದಿಂದ ಹೊಂದಿಕೊಂಡ. ಬಹಳ ಜಾಣ ಮಗು. ತಾಯಿ ಬಂದಾಗ ಮಾತ್ರ ಅಳುತ್ತಿದ್ದ, ಅದಕ್ಕೇ ಒಳಗೆ ಬರುವುದು ಬೇಡವೆಂದೆವು.”

“ಹೊಂದಿಕೊಂಡ ಮೇಲೆ ಏನು ಮಾಡುತ್ತಿದ್ದ ಸಿಸ್ಟರ್?”

“ಮಲಗಿರುತ್ತಿದ್ದ, ಗೋಡೆಯ ಕಡೆ ಮುಖ ಮಾಡಿ.”

“ಆಟಿಕೆ?”

“ಇಟ್ಟಿದ್ದೆವು, ಮುಟ್ಟಲಿಲ್ಲ.”

“ಊಟ?”

“ಗಂಜಿ ಕೊಟ್ಟರೆ ನುಂಗದೆ ಬಾಯಲ್ಲೇ ಇಟ್ಟುಕೊಂಡಿರುತ್ತಿದ್ದ.”

“ಸೂಜಿ ಚುಚ್ಚುವಾಗ?”

ಅವರು ತಡೆದು ಹೇಳಿದರು: “ಕೈಯನ್ನು ತಾನೇ ಮುಂದೆ ಚಾಚುತ್ತಿದ್ದ.”

ಹೇಳಿದ ಮೇಲೆ ತಾವೇ ಆ ಮಾತನ್ನು ಇನ್ನೊಮ್ಮೆ ಕೇಳಿಸಿಕೊಂಡವರಂತೆ ಸುಮ್ಮನಾದರು. ಹದಿನಾರು ತಿಂಗಳ ಕೂಸು ಸೂಜಿಗೆ ಕೈ ಒಡ್ಡುವುದು ಜಾಣತನವಲ್ಲ ಎಂದು ಅನುಭವಿ ನರ್ಸ್‌ಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಲಂಡನ್ನಿನಲ್ಲಿ ಮನೋವೈದ್ಯ ಜಾನ್ ಬೌಲ್ಬಿಯವರ ಜೊತೆ ಕೆಲಸ ಮಾಡುತ್ತಿದ್ದ ಜೇಮ್ಸ್ ರಾಬರ್ಟ್‌ಸನ್ ಆಸ್ಪತ್ರೆ ಸೇರಿದ ಪುಟ್ಟ ಮಕ್ಕಳನ್ನು ದಿನಗಟ್ಟಲೆ ಗಮನಿಸಿ ಮೂರು ಹಂತಗಳನ್ನು ಗುರುತಿಸಿದ್ದರು. ಮೊದಲನೆಯದು ಪ್ರತಿಭಟನೆ: ಅಳು, ಒದೆತ, ಬಾಗಿಲತ್ತಲೇ ನೋಟ. ಎರಡನೆಯದು ಹತಾಶೆ, ಆಗ ಮಗು ಸುಮ್ಮನಾಗುತ್ತದೆ. ಮೂರನೆಯದರಲ್ಲಿ ಅದು ಸಿಬ್ಬಂದಿಯೊಂದಿಗೆ ನಗುತ್ತದೆ, ತಾಯಿ ಬಂದರೆ ಗುರುತಿಲ್ಲದಂತೆ ಇರುತ್ತದೆ. ವಾರ್ಡಿನ ಕಣ್ಣಿಗೆ ಎರಡನೆಯ ಹಂತ ‘ಹೊಂದಿಕೊಂಡ’ ಹಾಗೆ ಕಾಣುವುದೇ ತೊಡಕು. ತಾಯಿಯನ್ನು ಕಂಡೊಡನೆ ಹೊರಟ ಅಳು, ಮಗು ಅವಳನ್ನು ಇನ್ನೂ ಬಿಟ್ಟುಕೊಟ್ಟಿಲ್ಲ ಎಂಬುದರ ಗುರುತಾಗಿತ್ತು. ಅವಳನ್ನೇ ಹೊರಗಿಟ್ಟಾಗ ಆ ಗುರುತೂ ಹೋಯಿತು.

ಇದು ಈ ವಯಸ್ಸಿಗೇ ಏಕೆ ಇಷ್ಟು ತಟ್ಟುತ್ತದೆ? ನಾಲ್ಕು ತಿಂಗಳ ಕೂಸನ್ನು ಬೇರೆಯವರು ಎತ್ತಿದರೂ ಹೆಚ್ಚು ತಕರಾರಿಲ್ಲ. ಎಂಟು ತಿಂಗಳ ಸುಮಾರಿಗೆ, ಕಣ್ಣಿಗೆ ಕಾಣದ ವಸ್ತುವೂ ಎಲ್ಲೋ ಇದೆ ಎಂಬ ಅರಿವು ಮೂಡುತ್ತದೆ. ಬಟ್ಟೆಯಡಿ ಮುಚ್ಚಿಟ್ಟ ಗಿಲಕಿಯನ್ನು ಮಗು ಹುಡುಕಿ ತೆಗೆಯುವುದು ಆಗಲೇ. ತಾಯಿ ಎಲ್ಲೋ ಇದ್ದಾಳೆ ಎಂದು ಅದಕ್ಕೆ ಗೊತ್ತು, ಆದರೆ ‘ಸಂಜೆ ಬರುತ್ತಾಳೆ’ ಎಂಬ ಕಾಲದ ಲೆಕ್ಕ ಇನ್ನೂ ಬಂದಿಲ್ಲ. ಒಂದು ಬಂದು ಇನ್ನೊಂದು ಬಾರದ ಈ ನಡುಗಾಲದಲ್ಲಿ, ಹತ್ತರಿಂದ ಹದಿನೆಂಟು ತಿಂಗಳ ಆಸುಪಾಸಿನಲ್ಲಿ, ಅಗಲಿಕೆಯ ಭಯ ಅತ್ಯಂತ ಹೆಚ್ಚು. ಬೆಳವಣಿಗೆಯ ಮೈಲಿಗಲ್ಲುಗಳ ಪಟ್ಟಿಯನ್ನು ಲಸಿಕೆ ಕಾರ್ಡಿನ ಪಕ್ಕದಲ್ಲಿ ಟಿಕ್ ಹಾಕಲು ಇರುವುದೆಂದು ಭಾವಿಸುವವರ ಮೇಲೆ ನನಗೆ ಸಿಟ್ಟು ಬರುತ್ತದೆ. ಮಗುವನ್ನು ಹೇಗೆ ಮುಟ್ಟಬೇಕು, ಯಾರ ಮಡಿಲಲ್ಲಿ ಕೂರಿಸಿ ಮುಟ್ಟಬೇಕು ಎಂಬುದನ್ನು ಆ ಪಟ್ಟಿಯೇ ಹೇಳುತ್ತದೆ.

ಸಿಸ್ಟರ್ ಸೋಂಕಿನ ಭಯ, ಜಾಗದ ಕೊರತೆ ಎಲ್ಲವನ್ನೂ ಮುಂದಿಟ್ಟರು. ಅವು ಸುಳ್ಳಲ್ಲ. ಆದರೆ ಅವರದೇ ಕೆಲಸದ ಒಂದು ಲೆಕ್ಕ ನೆನಪಿಸಿದೆ. ಈ ವಯಸ್ಸಿನ ಮಗುವಿನ ಉಸಿರು ನಿಮಿಷಕ್ಕೆ 40 ಅಥವಾ ಹೆಚ್ಚಿದ್ದರೆ ವೇಗದ ಉಸಿರಾಟ ಎಂದು ಬರೆಯುತ್ತಾರೆ. ಆ ಎಣಿಕೆ ಮಗು ಶಾಂತವಾಗಿದ್ದಾಗ, ಇಡೀ ಒಂದು ನಿಮಿಷ ನಡೆಯಬೇಕು. ಅಳುವ ಮಗುವಿನ ಎಣಿಕೆ ನಂಬಲರ್ಹವಲ್ಲ, ಅಳು ಆಮ್ಲಜನಕದ ಬೇಡಿಕೆಯನ್ನೂ ಏರಿಸುತ್ತದೆ. ತಾಯಿಯ ಮಡಿಲಲ್ಲಿ ಕುಳಿತ ಮಗುವಿನ ಉಸಿರನ್ನು ಮುಟ್ಟದೆ ದೂರದಿಂದಲೇ ಎಣಿಸಬಹುದು. ಆಮೇಲೆ ಎದೆಗೆ ಸ್ಟೆತಸ್ಕೋಪ್, ಕಟ್ಟಕಡೆಗೆ ಕಿವಿ ಮತ್ತು ಗಂಟಲು. ಮಡಿಲು ಇಲ್ಲಿ ಉಪಕರಣವೇ.

ಶಸ್ತ್ರಚಿಕಿತ್ಸೆ ಮುಂದೂಡಬೇಡಿ ಎಂದೇ ಹೇಳಿದೆ. ತೊಡೆಸಂದಿನ ಹರ್ನಿಯಾದಲ್ಲಿ ಕರುಳು ಸಿಕ್ಕಿಕೊಳ್ಳಬಹುದು. ಉಬ್ಬು ಗಟ್ಟಿಯಾಗಿ ಒಳಗೆ ಹೋಗದಿದ್ದರೆ, ಮಗು ವಾಂತಿ ಮಾಡಿದರೆ, ಆ ಗಳಿಗೆಯೇ ಓಡಬೇಕು. ಮಗುವಿನ ಮನಸ್ಸಿನ ಹೆಸರಿನಲ್ಲಿ ಅಂಥ ಅಪಾಯಕ್ಕೆ ಸಲಹೆಗಾರರು ಹಸ್ತಾಕ್ಷರ ಹಾಕಬಾರದು. ಬದಲಿಸಬೇಕಾದದ್ದು ದಿನಾಂಕವನ್ನಲ್ಲ, ದಾಖಲಾಗುವ ರೀತಿಯನ್ನು.

ಮೂವರೂ ಕುಳಿತು ಮಾತಾಡಿದೆವು. ಬಲಗೈ ಹೆಬ್ಬೆರಳು ಚೀಪುವ ಮಗುವಿಗೆ ಕ್ಯಾನ್ಯುಲಾ ಎಡಗೈಗೆ, ಕಾಲಿಗಂತೂ ಬೇಡ. ಸೂಜಿಯ ಕೆಲಸ ಮಂಚದ ಮೇಲಲ್ಲ, ಬೇರೆ ಕೋಣೆಯಲ್ಲಿ, ತಾಯಿ ಎದೆಗೆ ಒರಗಿಸಿ ಹಿಡಿದುಕೊಂಡಾಗ. ಮಂಚ ಅವನ ಪಾಲಿಗೆ ನೋವಿಲ್ಲದ ಜಾಗವಾಗಿ ಉಳಿಯಬೇಕು. ಸಾಧ್ಯವಾದಷ್ಟೂ ಒಬ್ಬರೇ ಸಿಸ್ಟರ್ ನೋಡಿಕೊಳ್ಳಬೇಕು. ‘ಬುವ್ವಾ’ ಎಂದರೆ ಏನೆಂದು ಅವರ ಹಾಳೆಯಲ್ಲಿ ಬರೆದಿರಬೇಕು. ತಾಯಿ ಹೊರಗೆ ಹೋಗುವಾಗ ಹೇಳಿಯೇ ಹೋಗಬೇಕು, ಅತ್ತರೂ ಸರಿ. ಕಣ್ಣು ತಪ್ಪಿಸಿ ಹೋದರೆ ಮಗು ನಿದ್ದೆ ಮಾಡಲೂ ಹೆದರುತ್ತದೆ.

ಅಲ್ಲಿಯವರೆಗೆ ಮಗುವನ್ನು ಅಜ್ಜಿಯ ಬಳಿಯೇ ಬಿಡುವುದು ಮೇಲು ಎಂದಿದ್ದ ಮನೆಯವರ ಸಲಹೆಯನ್ನು ನಾನು ಒಪ್ಪಲಿಲ್ಲ. ಮುಖ ತಿರುಗಿಸಿದರೂ ತಾಯಿಯೇ ಉಣಿಸಲಿ, ಮಲಗಿಸಲಿ, ಬೇಕೆಂದಷ್ಟು ಎತ್ತಿಕೊಳ್ಳಲಿ, ನಡೆಯಲು ಬಲವಂತ ಮಾಡುವುದು ಬೇಡ ಎಂದೆ. ಕೊನೆಗೆ ಕಲಿತದ್ದು ಮೊದಲು ಜಾರುತ್ತದೆ, ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ಮರಳುತ್ತದೆ. ಮರಳದಿದ್ದರೆ, ಹೆಸರು ಕರೆದರೆ ತಿರುಗದಿದ್ದರೆ, ಕಣ್ಣಿಗೆ ಕಣ್ಣು ಕೊಡದಿದ್ದರೆ ಮತ್ತೆ ವೈದ್ಯರ ಬಳಿಗೆ ಹೋಗಬೇಕು. ಈ ಮಗು ಕೆಲವು ದಿನ ತಾಯಿಯ ಸೆರಗನ್ನೇ ಬಿಡದೆ ಹಿಡಿದುಕೊಂಡ, ಆಮೇಲೆ ನಡೆದ.

ಶಸ್ತ್ರಚಿಕಿತ್ಸೆ ಮುಗಿದ ಮೇಲೆ ಅಜ್ಜಿ ದೂರಿದರು: ಹೋದ ಸಲ ಸುಮ್ಮನಿದ್ದ, ಈ ಸಲ ತಾಯಿ ಪಕ್ಕದಲ್ಲೇ ಇದ್ದರೂ ಪ್ರತಿ ಸೂಜಿಗೂ ಕಿರುಚಿದನಂತೆ. ಕಿರುಚಿದ ಮೇಲೆ ಎಷ್ಟು ಹೊತ್ತಿಗೆ ಸಮಾಧಾನವಾದ ಎಂದು ಕೇಳಿದೆ. ಸೊಸೆ ಹೆಗಲ ಮೇಲೆ ಹಾಕಿಕೊಂಡು ನಾಲ್ಕು ಹೆಜ್ಜೆ ಓಡಾಡುವಷ್ಟರಲ್ಲಿ ಎಂದರು. ಐಸಿಯುನ ಭೇಟಿಯ ಸಮಯವಂತೂ ಈಗಲೂ ಬದಲಾಗಿಲ್ಲ. ಎರಡು ವರ್ಷದೊಳಗಿನ ಮಕ್ಕಳ ತಾಯಂದಿರಿಗೆ ಗೌನು ಕೊಟ್ಟು ಕೂರಿಸುವ ಪ್ರಸ್ತಾವವನ್ನು ಆ ಸಿಸ್ಟರ್ ಬರೆದುಕೊಟ್ಟಿದ್ದಾರೆ, ಇನ್ನೂ ಉತ್ತರ ಬಂದಿಲ್ಲ.